ಸೀಮೆಸುಣ್ಣ, ಟೇಪು ಮತ್ತು ಅರವತ್ತು ಸೆಕೆಂಡು: ಕಟ್ಟುತ್ತಿರುವ ಮನೆಯ ವಿಡಿಯೊಗೆ ಸ್ಕ್ರಿಪ್ಟ್ ಬರೆಯುವುದು

(ಮನೆ ಮಾರಾಟದ ಕೆಲಸದಲ್ಲಿರುವವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಮನೆ ತೋರಿಸುವ ಕೆಲಸ ಮಾಡುವವರು. ಕೆಲವರು ಸಣ್ಣ ಬಿಲ್ಡರ್‌ಗಳು. ಕೈಯಲ್ಲಿ ಒಂದು ಫೋನ್ ಇದೆ, ಆಚೆ ಅರ್ಧ ಎದ್ದಿರುವ ಕಟ್ಟಡ ಇದೆ. ಅದರ ಒಂದು ನಿಮಿಷದ ವಿಡಿಯೊ ಮಾಡಿ ಸೋಶಿಯಲ್ ಮೀಡಿಯಾಗೆ ಹಾಕಬೇಕು. ಅದಕ್ಕೆ ಏನು ಮಾತಾಡಬೇಕು, ಯಾವುದನ್ನು ಯಾವಾಗ ತೋರಿಸಬೇಕು ಅನ್ನುವುದೇ ಇವತ್ತಿನ ವಿಷಯ. ಕ್ಯಾಮೆರಾ ಯಾವುದು, ಎಡಿಟಿಂಗ್ ಆ್ಯಪ್ ಯಾವುದು ಅನ್ನುವುದಕ್ಕೆ ನಾನು ಹೋಗುವುದಿಲ್ಲ. ಸ್ಕ್ರಿಪ್ಟ್ ಸರಿ ಇದ್ದರೆ ಸಾಧಾರಣ ಫೋನ್ ಸಾಕು.

ಪೂರ್ತಿಯಾದ ಮನೆಯ ವಿಡಿಯೊ ಸುಲಭ. ಬಾಗಿಲು ತೆಗೆದು ಒಳಗೆ ನಡೆದರೆ ಸಾಕು, ಸೋಫಾ, ಮಂಚ, ಪರದೆ ಎಲ್ಲವೂ ಜಾಗದ ಅಳತೆಯನ್ನು ತಾವೇ ಹೇಳುತ್ತವೆ. ಕಟ್ಟುತ್ತಿರುವ ಮನೆಯಲ್ಲಿ ಅದು ಯಾವುದೂ ಇಲ್ಲ. ಬೂದು ಗೋಡೆ, ಬೂದು ನೆಲ, ಚೌಕಟ್ಟಿಲ್ಲದ ತೂತುಗಳು. ನೋಡುವವರಿಗೆ ಇದು ಹಾಲಾ, ಬೆಡ್‌ರೂಮಾ, ದೊಡ್ಡದಾ, ಚಿಕ್ಕದಾ ಏನೂ ಗೊತ್ತಾಗಲ್ಲ. ಈ ಖಾಲಿತನ ಮುಚ್ಚಲು ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಒಂದು, ಕಂಪ್ಯೂಟರಿನಲ್ಲಿ ಮಾಡಿದ ಬಣ್ಣದ ಚಿತ್ರ ಹಾಕುವುದು. ಇನ್ನೊಂದು, ದೊಡ್ಡ ದೊಡ್ಡ ಮಾತು. "ಬನ್ನಿ ಸ್ನೇಹಿತರೇ, ನಿಮ್ಮ ಕನಸಿನ ಮನೆಗೆ ಸ್ವಾಗತ, ವಿಶಾಲವಾದ ಹಾಲ್, ಸುಂದರವಾದ ಕಿಚನ್, ಗಾಳಿ ಬೆಳಕು ಹೇರಳ..." ಈ ಸಾಲುಗಳನ್ನು ಯಾವ ಮನೆಗೆ ಬೇಕಾದರೂ ಹಚ್ಚಬಹುದು. ಹಾಗಾಗಿ ನೋಡಿದವರ ತಲೆಯಲ್ಲಿ ಯಾವ ಮನೆಯೂ ಉಳಿಯುವುದಿಲ್ಲ.

ನಾನು ಹೇಳುವ ದಾರಿ ಬೇರೆ. ಸ್ಕ್ರಿಪ್ಟನ್ನು ಆಫೀಸಿನಲ್ಲಿ ಕೂತು ಬರೆಯಬೇಡಿ. ಕಟ್ಟಡದ ಒಳಗೆ ನಿಂತು, ಕೈಯಲ್ಲಿ ಟೇಪು ಮತ್ತು ಸೀಮೆಸುಣ್ಣ ಹಿಡಿದು ಬರೆಯಿರಿ. ಪ್ರತಿ ಮಾತೂ ಕ್ಯಾಮೆರಾ ಆ ಹೊತ್ತಿಗೆ ನೋಡುತ್ತಿರುವ ಒಂದು ವಸ್ತುವಿನ ಮೇಲೆ ನಿಲ್ಲಬೇಕು. ಇನ್ನೂ ಬಂದಿಲ್ಲದ್ದನ್ನು ಬಂದಿಲ್ಲ ಅಂತಲೇ ಹೇಳಬೇಕು. ಇದು ಬರೀ ಪ್ರಾಮಾಣಿಕತೆಯ ಪ್ರಶ್ನೆಯಲ್ಲ. ವಿಡಿಯೊ ನೋಡಿ ಬಂದವರು ಜಾಗದಲ್ಲಿ ನಿಂತಾಗ "ವಿಡಿಯೊದಲ್ಲಿ ದೊಡ್ಡದಾಗಿ ಕಂಡಿತ್ತಲ್ಲ" ಅಂದರೆ, ಆಮೇಲೆ ನೀವು ಹೇಳುವ ಸರಿಯಾದ ಮಾತನ್ನೂ ಅವರು ನಂಬುವುದಿಲ್ಲ.

ಮೊದಲು ಅಳತೆ

ಒಂದು ಮನೆಯನ್ನೇ ಹಿಡಿದುಕೊಂಡು ಹೋಗೋಣ. ನಾಲ್ಕನೇ ಮಹಡಿ, ಎರಡು ಬೆಡ್‌ರೂಮು. ಕಾಂಕ್ರೀಟ್ ಬ್ಲಾಕಿನ ಗೋಡೆ ಎದ್ದಿದೆ, ಪ್ಲಾಸ್ಟರ್ ಆಗಿಲ್ಲ. ಗೋಡೆಯಲ್ಲಿ ವೈರಿಂಗ್ ಪೈಪಿಗೆ ಕಾಲುವೆ ಕೊರೆದಿದ್ದಾರೆ. ಕಿಟಕಿಗೆ ಜಾಗ ಬಿಟ್ಟಿದ್ದಾರೆ, ಚೌಕಟ್ಟು ಬಂದಿಲ್ಲ.

ಈ ಹಂತದಲ್ಲಿ ಟೇಪು ಹಿಡಿದರೆ ಸಿಗುವುದು ಬ್ಲಾಕಿನಿಂದ ಬ್ಲಾಕಿಗೆ ಇರುವ ಅಳತೆ. ಕೊನೆಗೆ ಸಿಗುವ ರೂಮು ಅದಕ್ಕಿಂತ ಸ್ವಲ್ಪ ಚಿಕ್ಕದು. ಒಳಗೋಡೆಯ ಪ್ಲಾಸ್ಟರ್ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ದಪ್ಪ. ಅಂದರೆ ಒಂದೊಂದು ಬದಿಗೆ ಸುಮಾರು ಅರ್ಧ ಇಂಚು. ಎದುರುಬದುರು ಎರಡು ಗೋಡೆ ಸೇರಿ ಒಂದು ಇಂಚು ಹೋಯಿತು. ಬ್ಲಾಕಿನಿಂದ ಬ್ಲಾಕಿಗೆ 10 ಅಡಿಗೆ 12 ಅಡಿ ಇರುವ ರೂಮು ಮುಗಿದ ಮೇಲೆ 9 ಅಡಿ 11 ಇಂಚಿಗೆ 11 ಅಡಿ 11 ಇಂಚು ಆಗುತ್ತದೆ. ಒಂದು ಇಂಚು ಏನು ಮಹಾ ಅನ್ನಬಹುದು. ಆದರೆ ಗೋಡೆಯಿಂದ ಗೋಡೆಗೆ ಕೂರುವಂಥ ವಾರ್ಡ್‌ರೋಬನ್ನು ಯಾರಾದರೂ ಈಗಲೇ ಆರ್ಡರ್ ಮಾಡಿದರೆ ಆ ಒಂದು ಇಂಚೇ ದೊಡ್ಡದಾಗುತ್ತದೆ.

ಎತ್ತರದಲ್ಲಿ ಹೋಗುವುದು ಇನ್ನೂ ಜಾಸ್ತಿ. ನಕ್ಷೆಯಲ್ಲಿ ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ 10 ಅಡಿ ಅಂತ ಇರುತ್ತದೆ ಅಂದುಕೊಳ್ಳಿ. ಅದರಲ್ಲಿ ಮೇಲಿನ ಸ್ಲ್ಯಾಬಿನ ದಪ್ಪವೂ ಸೇರಿದೆ. ಸ್ಲ್ಯಾಬು 5 ಇಂಚು ಇದ್ದರೆ ಉಳಿಯಿತು 9 ಅಡಿ 7 ಇಂಚು. ನೆಲದಲ್ಲಿ ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ ಸೇರಿ ಎರಡು ಇಂಚಿನ ಮೇಲೆ ಹೋಗುತ್ತದೆ, ಚಾವಣಿಯ ಪ್ಲಾಸ್ಟರಿಗೆ ಇನ್ನರ್ಧ ಇಂಚು. ತಲೆಯ ಮೇಲೆ ನಿಜವಾಗಿ ಸಿಗುವುದು 9 ಅಡಿ 4 ಇಂಚಿನ ಆಸುಪಾಸು. ಮುಂದೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಇನ್ನೂ ಕಡಿಮೆ. ಆದ್ದರಿಂದ ಖಾಲಿ ರೂಮಿನಲ್ಲಿ ನಿಂತು ಕೈ ಮೇಲೆತ್ತಿ "10 ಅಡಿ ಎತ್ತರ" ಅಂತ ಹೇಳುವ ಸಾಲನ್ನು ಸ್ಕ್ರಿಪ್ಟಿನಿಂದ ತೆಗೆದುಬಿಡಿ. ಎತ್ತರ ಹೇಳಲೇಬೇಕು ಅಂತಿದ್ದರೆ ಮುಗಿದ ನೆಲದಿಂದ ಮುಗಿದ ಚಾವಣಿಗೆ ಎಷ್ಟು ಅಂತ ಸೈಟ್ ಇಂಜಿನಿಯರನ್ನು ಕೇಳಿ, ಅದನ್ನು ಹೇಳಿ.

ತೊಲೆಯ ಬಗ್ಗೆಯೂ ಒಂದು ಮಾತು. ಹಾಲಿನ ನಡುವೆ ಹಾದುಹೋಗುವ ಬೀಮು ಫ್ರೇಮಿನಲ್ಲಿ ಕಾಣದ ಹಾಗೆ ಫೋನನ್ನು ಕೆಳಗೆ ಬಗ್ಗಿಸುವವರನ್ನು ನೋಡಿದ್ದೇನೆ. ಬೀಮು ಎಲ್ಲಿಗೂ ಹೋಗುವುದಿಲ್ಲ. ಬಂದವರು ಮೊದಲು ನೋಡುವುದೇ ಅದನ್ನು. ತೋರಿಸಿ, ಅದರ ಕೆಳಗೆ ಏನು ಇಡಬಹುದು ಅಂತ ಹೇಳಿ.

ಇನ್ನು ಚದರಡಿ. ವಿಡಿಯೊದಲ್ಲಿ ಒಂದೇ ಒಂದು ಏರಿಯಾ ಹೇಳುವುದಾದರೆ ಕಾರ್ಪೆಟ್ ಏರಿಯಾ ಹೇಳಿ. ಅಂದರೆ ಮನೆಯ ಒಳಗೆ ಕಾಲಿಡಬಹುದಾದ ಜಾಗ. ಅದಕ್ಕೆ ಗೋಡೆಯ ದಪ್ಪ ಮತ್ತು ಬಾಲ್ಕನಿ ಸೇರಿಸಿದರೆ ಒಂದು ಲೆಕ್ಕ. ಮೆಟ್ಟಿಲು, ಲಿಫ್ಟು, ಕಾರಿಡಾರಿನಲ್ಲಿ ಈ ಮನೆಯ ಪಾಲನ್ನೂ ಸೇರಿಸಿದರೆ ಇನ್ನೊಂದು ಲೆಕ್ಕ. ಹಾಳೆಯ ಮೇಲೆ 1200 ಅಂತ ಇರುವ ಮನೆಯ ಒಳಗೆ ಟೇಪು ಹಿಡಿದರೆ 840 ಸಿಗಬಹುದು. ಎರಡೂ ಸುಳ್ಳಲ್ಲ. ಆದರೆ ಕ್ಯಾಮೆರಾ ತೋರಿಸುತ್ತಿರುವುದು 840ನ್ನು. ಆ ಹೊತ್ತಿನಲ್ಲಿ ಬಾಯಿ 1200 ಅಂದರೆ ನೋಡುವವರ ಕಣ್ಣಿಗೂ ಕಿವಿಗೂ ತಾಳೆಯಾಗಲ್ಲ. ದೊಡ್ಡ ಲೆಕ್ಕವನ್ನು ವಿಡಿಯೊದ ಕೆಳಗೆ ಬರೆಯುವಲ್ಲಿ ಹಾಕಿ, ಅದರಲ್ಲಿ ಏನೇನು ಸೇರಿದೆ ಅಂತಲೂ ಬರೆಯಿರಿ.

ಸೀಮೆಸುಣ್ಣದ ಮಂಚ

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಖಾಲಿ ರೂಮಿನ ಅಳತೆ ತೋರಿಸಲು ನನಗೆ ಗೊತ್ತಿರುವ ಅತಿ ಸುಲಭದ ದಾರಿ ನೆಲದ ಮೇಲೆ ಸಾಮಾನಿನ ಗೆರೆ ಎಳೆಯುವುದು.

ನಮ್ಮ 10ಕ್ಕೆ 12ರ ರೂಮಿನಲ್ಲೇ ನೋಡಿ. ಮೊದಲು ಪ್ಲಾಸ್ಟರ್ ಬರುವ ಜಾಗ ಅಂತ ನಾಲ್ಕೂ ಗೋಡೆಯಿಂದ ಅರ್ಧ ಇಂಚು ಬಿಡಿ. ವಾರ್ಡ್‌ರೋಬಿಗೆ 2 ಅಡಿ ಆಳ ಬೇಕು. ಹ್ಯಾಂಗರಿನಲ್ಲಿ ಬಟ್ಟೆ ನೇತಾಡಲು ಅಷ್ಟು ಜಾಗ ಬೇಕೇ ಬೇಕು. ಮಂಚ 5 ಅಡಿ ಅಗಲ, ಆರೂವರೆ ಅಡಿ ಉದ್ದ.

ಮೊದಲ ಯೋಚನೆ: ವಾರ್ಡ್‌ರೋಬನ್ನು ಉದ್ದದ ಗೋಡೆಗೆ, ಅಂದರೆ 12 ಅಡಿಯದಕ್ಕೆ ಹಾಕೋಣ, ಬಟ್ಟೆಗೆ ಜಾಸ್ತಿ ಜಾಗ ಸಿಗುತ್ತದೆ. ಸರಿ, ಗೆರೆ ಎಳೆಯಿರಿ. ಅಗಲದಲ್ಲಿ 9 ಅಡಿ 11 ಇಂಚಿನಲ್ಲಿ 2 ಅಡಿ ಹೋಯಿತು, ಉಳಿಯಿತು 7 ಅಡಿ 11 ಇಂಚು. ಎದುರಿನ ಗೋಡೆಗೆ ತಲೆ ಕೊಟ್ಟು ಮಂಚ ಬರೆಯಿರಿ. ಆರೂವರೆ ಅಡಿ ಹೋದರೆ ಮಂಚದ ಕಾಲಿಗೂ ವಾರ್ಡ್‌ರೋಬಿಗೂ ನಡುವೆ ಉಳಿಯುವುದು 1 ಅಡಿ 5 ಇಂಚು. ವಾರ್ಡ್‌ರೋಬಿನ ಒಂದು ಬಾಗಿಲೇ ಒಂದೂವರೆ ಅಡಿ ಇರುತ್ತದೆ. ತೆಗೆಯೋಕೇ ಆಗಲ್ಲ. ಸರಿಯುವ ಬಾಗಿಲು ಹಾಕಿದರೂ ಅಲ್ಲಿ ನಿಂತು ಬಗ್ಗಲು ಆಗಲ್ಲ.

ಅದನ್ನು ಕಾಲಿನಿಂದ ಉಜ್ಜಿ ಅಳಿಸಿ, ವಾರ್ಡ್‌ರೋಬನ್ನು ಚಿಕ್ಕ ಗೋಡೆಗೆ ಬರೆಯಿರಿ. ಈಗ ಉದ್ದದಲ್ಲಿ 11 ಅಡಿ 11 ಇಂಚಿನಲ್ಲಿ 2 ಅಡಿ ಹೋಗಿ 9 ಅಡಿ 11 ಇಂಚು ಉಳಿಯಿತು. ಮಂಚದ ತಲೆ ಉದ್ದ ಗೋಡೆಗೆ. ಮಂಚದ ಅಗಲ 5 ಅಡಿ ಕಳೆದರೆ 4 ಅಡಿ 11 ಇಂಚು. ವಾರ್ಡ್‌ರೋಬಿನ ಕಡೆ ಎರಡೂವರೆ ಅಡಿ ಬಿಟ್ಟರೂ ಕಿಟಕಿ ಕಡೆ 2 ಅಡಿ 5 ಇಂಚು ಸಿಗುತ್ತದೆ. ಮಂಚದ ಕಾಲ ಕಡೆ 3 ಅಡಿ 5 ಇಂಚು. ಬಾಗಿಲೂ ತೆಗೆಯುತ್ತದೆ, ಜನರೂ ಓಡಾಡುತ್ತಾರೆ.

ನೋಡಿ, ಈ ಗೆರೆಗಳಿಂದ ನಿಮಗೆ ಬರೀ ಒಂದು ದೃಶ್ಯ ಅಲ್ಲ, ಒಂದು ಸಣ್ಣ ಕಥೆಯೇ ಸಿಕ್ಕಿತು. "ಹೀಗಿಟ್ಟರೆ ಹಿಡಿಸಲ್ಲ, ಹಾಗಿಟ್ಟರೆ ಹಿಡಿಸುತ್ತದೆ." ಮನೆ ಕೊಳ್ಳುವವರು ನಿಜವಾಗಿ ತಲೆಕೆಡಿಸಿಕೊಳ್ಳುವ ಪ್ರಶ್ನೆಯೇ ಇದು. "ವಿಶಾಲವಾದ" ಅನ್ನುವ ಪದ ಇನ್ನು ಬೇಕಾಗಲ್ಲ. ಬಿಳಿ ಸೀಮೆಸುಣ್ಣ ಬೂದು ನೆಲದ ಮೇಲೆ ಚೆನ್ನಾಗಿ ಕಾಣುತ್ತದೆ. ನೆಲ ಧೂಳಾಗಿದ್ದರೆ ಮೊದಲು ಗುಡಿಸಿ, ಇಲ್ಲದಿದ್ದರೆ ಗೆರೆ ಹಿಡಿಯಲ್ಲ. ಗೆರೆ ತೆಳ್ಳಗಿದ್ದರೆ ಫೋನಿನಲ್ಲಿ ಕಾಣಲ್ಲ, ಎರಡು ಬೆರಳಿನ ದಪ್ಪ ಇರಲಿ. ಮೇಸ್ತ್ರಿಯನ್ನು ಕೇಳಿಯೇ ಬರೆಯಿರಿ, ಅವರೂ ನೆಲದ ಮೇಲೆ ತಮ್ಮ ಗುರುತು ಹಾಕಿರುತ್ತಾರೆ. ಅದು ಅಳಿಸಿಹೋದರೆ ಅವರ ಕೆಲಸ ಕೆಡುತ್ತದೆ.

ಅರವತ್ತು ಸೆಕೆಂಡಿನಲ್ಲಿ ಎಷ್ಟು ಮಾತು

ನಮ್ಮ ಪದಗಳು ಉದ್ದ. "ಮುಗಿದಮೇಲೆ", "ತೆಗೆಯೋಕಾಗಲ್ಲ" ಅಂತ ಒಂದೇ ಪದದಲ್ಲಿ ಎಷ್ಟೋ ಸೇರಿಕೊಂಡಿರುತ್ತದೆ. ಆದ್ದರಿಂದ ಬೇರೆ ಭಾಷೆಯವರು ಹೇಳುವ ಪದಲೆಕ್ಕ ನಮಗೆ ಆಗಿಬರಲ್ಲ. ಒಂದು ನಿಮಿಷಕ್ಕೆ ನೂರು ಪದದ ಆಸುಪಾಸು ಇಟ್ಟುಕೊಳ್ಳಿ. ಅದರಲ್ಲಿ ಉಸಿರಾಡಲು, ಸುಮ್ನೆ ತೋರಿಸಲು ಸ್ವಲ್ಪ ಬಿಡುವು ಸಿಗುತ್ತದೆ. ಬರೆದ ಮೇಲೆ ಗಟ್ಟಿಯಾಗಿ ಓದಿ ಫೋನಿನ ಸ್ಟಾಪ್‌ವಾಚ್ ಹಿಡಿಯಿರಿ. ಮನಸ್ಸಿನಲ್ಲಿ ಓದಿದರೆ ಯಾವಾಗಲೂ ಬೇಗ ಮುಗಿದ ಹಾಗೆ ಅನಿಸುತ್ತದೆ. ಸಮಯ ಮೀರಿದರೆ ವೇಗವಾಗಿ ಮಾತಾಡಬೇಡಿ, ಒಂದು ಸಾಲು ತೆಗೆಯಿರಿ.

ನಮ್ಮ ನಾಲ್ಕನೇ ಮಹಡಿಯ ಮನೆಗೆ ಬರೆದ ಸ್ಕ್ರಿಪ್ಟ್ ಹೀಗಿದೆ. ಮೊದಲು ಸೆಕೆಂಡು, ಆಮೇಲೆ ಏನು ಕಾಣುತ್ತದೆ, ಆಮೇಲೆ ಮಾತು.

0–5. ನೆಲದ ಮೇಲಿನ ಮಂಚದ ಗೆರೆ, ಮೇಲಿನಿಂದ. ಒಬ್ಬರು ಅದರೊಳಗೆ ಹೆಜ್ಜೆ ಇಡುತ್ತಾರೆ.
"ನೆಲದ ಮೇಲೆ ಬರೆದಿರೋದು ಡಬಲ್ ಮಂಚ. ಈ ರೂಮಿಗೆ ಇದು ಹಿಡಿಸುತ್ತಾ? ನೋಡೋಣ."

5–11. ಕಟ್ಟಡ ಹೊರಗಿನಿಂದ. ಪರದೆಯ ಮೇಲೆ ಶೂಟಿಂಗಿನ ದಿನಾಂಕ.
"ಎರಡು ಬೆಡ್‌ರೂಮಿನ ಮನೆ, ನಾಲ್ಕನೇ ಮಹಡಿ. ಗೋಡೆ ಎದ್ದಿದೆ. ಪ್ಲಾಸ್ಟರ್ ಇನ್ನೂ ಆಗಿಲ್ಲ."

11–20. ಮುಂಬಾಗಿಲಿನಿಂದ ಒಳಗೆ ನಾಲ್ಕು ಹೆಜ್ಜೆ, ನಿಂತು ಮೇಲಿನ ಬೀಮು.
"ಬಾಗಿಲು ದಾಟಿದ ಕೂಡಲೇ ಹಾಲ್. ಅಗಲ 11 ಅಡಿ, ಉದ್ದ 16. ಮೇಲೆ ಕಾಣುವ ಬೀಮು ಹಾಗೇ ಇರುತ್ತದೆ. ಅದರ ಕೆಳಗೆ ಊಟದ ಮೇಜು ಇಡಬಹುದು."

20–27. ಅಡುಗೆಮನೆ. ನೆಲದ ಮೇಲೆ ಕಟ್ಟೆಯ ಗೆರೆ, ಗೋಡೆಯಿಂದ ಹೊರಬಂದ ಪೈಪಿನ ಬಾಯಿ ಹತ್ತಿರದಿಂದ.
"ಅಡುಗೆಮನೆ. ಕಟ್ಟೆ ಇಷ್ಟು ಅಗಲ ಬರುತ್ತದೆ, 2 ಅಡಿ. ಸಿಂಕು ಇಲ್ಲಿ, ಕಿಟಕಿಯ ಕೆಳಗೆ."

27–42. ಬೆಡ್‌ರೂಮಿನ ಮೂಲೆಯಿಂದ ಪೂರ್ತಿ ರೂಮು. ಒಬ್ಬರು ವಾರ್ಡ್‌ರೋಬಿನ ಗೆರೆಯ ಮುಂದೆ ನಿಂತು ಬಾಗಿಲು ತೆಗೆದ ಹಾಗೆ ಕೈ ಮಾಡುತ್ತಾರೆ. ಪರದೆಯ ಮೇಲೆ ಮುಗಿದ ಅಳತೆ.
"ಮಂಚದ ರೂಮಿಗೆ ಬಂದೆವು. ವಾರ್ಡ್‌ರೋಬ್ ಈ ಚಿಕ್ಕ ಗೋಡೆಗೆ. ಮಂಚದ ಕಾಲ ಕಡೆ 3 ಅಡಿಗಿಂತ ಜಾಸ್ತಿ ಉಳಿಯುತ್ತದೆ. ಉದ್ದ ಗೋಡೆಗೆ ವಾರ್ಡ್‌ರೋಬ್ ಇಟ್ಟರೆ ಮಾತ್ರ ಅದರ ಬಾಗಿಲು ತೆಗೆಯೋಕಾಗಲ್ಲ."

42–49. ಕಿಟಕಿಯ ಜಾಗದಿಂದ ಹೊರಗೆ.
"ಆಚೆ ಈಗ ಖಾಲಿ ಜಾಗ. ಅದು ಬೇರೆಯವರದು. ಮುಂದೆ ಅಲ್ಲೂ ಕಟ್ಟಡ ಬರಬಹುದು."

49–55. ಬಾತ್‌ರೂಮಿನ ಬರೀ ಗೋಡೆ, ಆಮೇಲೆ ಅಡ್ಡ ಕಟ್ಟಿರುವ ಲಿಫ್ಟಿನ ಜಾಗ.
"ಲಿಫ್ಟು, ನಲ್ಲಿ, ಟೈಲ್ಸ್ ಯಾವುದೂ ಇನ್ನೂ ಬಂದಿಲ್ಲ."

55–60. ಅಳತೆ ಬರೆದ ನಕ್ಷೆಯ ಹಾಳೆ, ಅದರ ಮೇಲೆ ಬೆರಳು.
"ಅಳತೆ ಇರುವ ನಕ್ಷೆ ಬೇಕಿದ್ದರೆ ಮೆಸೇಜ್ ಮಾಡಿ, ಕಳಿಸುತ್ತೇವೆ."

ಇಷ್ಟೇ. ಇದರಲ್ಲಿ ನಿಮಗೆ ಎರಡು ಸಾಲು ವಿಚಿತ್ರ ಅನಿಸಿರಬಹುದು. ಉಪನ್ಯಾಸದ ನಡುವೆಯೇ ಒಬ್ಬರು ಎದ್ದು ಕೇಳಿದರು: "ಸರ್, ಕಿಟಕಿ ಆಚೆ ಕಟ್ಟಡ ಬರಬಹುದು ಅಂತ ನಾವೇ ಹೇಳಿಕೊಡಬೇಕಾ?" ಹೌದು, ಹೇಳಬೇಕು. ಖಾಲಿ ಜಾಗವನ್ನು ತೋರಿಸಿ "ಎಂಥಾ ವ್ಯೂ ನೋಡಿ" ಅಂದುಬಿಟ್ಟರೆ, ಆ ವ್ಯೂವನ್ನು ನೀವು ಮಾರಿದ ಹಾಗಾಯಿತು. ಅದು ನಿಮ್ಮದಲ್ಲ. ಜಾಹೀರಾತಿನಲ್ಲಿ ಆಡಿದ ಮಾತನ್ನು ಕೊಳ್ಳುವವರು ಭರವಸೆ ಅಂತಲೇ ಹಿಡಿಯುತ್ತಾರೆ. ಎಷ್ಟೋ ಕಡೆ ಕಾನೂನೂ ಹಾಗೇ ಹಿಡಿಯುತ್ತದೆ. ಆ ಜಾಗ ಪಾರ್ಕು ಅಂತ ಮಂಜೂರಾದ ನಕ್ಷೆಯಲ್ಲಿ ಇದ್ದರೆ ಆಗ ಧೈರ್ಯವಾಗಿ ಪಾರ್ಕು ಅನ್ನಿ.

ಇನ್ನೊಂದು, ಲಿಫ್ಟು ಬಂದಿಲ್ಲ ಅನ್ನುವ ಸಾಲು. ಇದನ್ನು ತೆಗೆದರೆ ಒಳ್ಳೆಯದಲ್ವಾ ಅಂತ ಬಿಲ್ಡರ್‌ಗಳು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಸಾಲೇ ಉಳಿದ ಐವತ್ತು ಸೆಕೆಂಡಿಗೆ ಬೆಲೆ ಕೊಡುತ್ತದೆ. ಬಂದಿಲ್ಲದ್ದನ್ನು ಬಂದಿಲ್ಲ ಅಂದವರು 3 ಅಡಿ ಅಂದರೆ ಅದು 3 ಅಡಿಯೇ ಇರುತ್ತದೆ ಅಂತ ನೋಡುವವರಿಗೆ ಅನಿಸುತ್ತದೆ.

ಸ್ಕ್ರಿಪ್ಟ್ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಒಂದೊಂದು ಸಾಲಿನ ಪಕ್ಕದಲ್ಲೂ ಗುರುತು ಹಾಕಿ: ಇದು ಇವತ್ತು ಇದೆಯಾ, ಮಂಜೂರಾದ ನಕ್ಷೆಯಲ್ಲಿ ಅಥವಾ ಕರಾರಿನಲ್ಲಿ ಇದೆಯಾ, ಇಲ್ಲಾ ಯಾರೋ ಬಾಯಿಮಾತಿನಲ್ಲಿ ಹೇಳಿದ್ದಾ. ಮೊದಲನೆಯದನ್ನು ತೋರಿಸಿ. ಎರಡನೆಯದನ್ನು "ಬರುತ್ತದೆ" ಅಂತ ಹೇಳಿ, ಜೊತೆಗೆ ಹಾಳೆಯನ್ನು ತೋರಿಸಿ. ಮೂರನೆಯದನ್ನು ತೆಗೆದುಹಾಕಿ. "ಮುಂದೆ ಇಲ್ಲಿ ದೊಡ್ಡ ರಸ್ತೆ ಬರುತ್ತಂತೆ", "ಎರಡು ವರ್ಷದಲ್ಲಿ ಬೆಲೆ ಎರಡರಷ್ಟು" ಇವೆಲ್ಲ ಮೂರನೆಯ ಗುಂಪಿನವು. ಕಂಪ್ಯೂಟರ್ ಚಿತ್ರ ಬಳಸಲೇಬೇಕಾದರೆ ಅದು ಕಾಣುವಷ್ಟು ಹೊತ್ತೂ "ಇದು ಕಲ್ಪನೆಯ ಚಿತ್ರ" ಅನ್ನುವ ಬರಹ ಪರದೆಯಲ್ಲಿ ಇರಲಿ. ನಿಮ್ಮ ಕಡೆ ಜಾಹೀರಾತಿನಲ್ಲಿ ಪ್ರಾಜೆಕ್ಟಿನ ನೋಂದಣಿ ಸಂಖ್ಯೆ ಹಾಕಬೇಕು ಅಂತ ಕಾನೂನಿದ್ದರೆ, ಸೋಶಿಯಲ್ ಮೀಡಿಯಾದ ವಿಡಿಯೊ ಕೂಡ ಜಾಹೀರಾತೇ ಅಂತ ತಿಳಿದು ಅದನ್ನೂ ಹಾಕಿ.

ಶೂಟ್ ಮಾಡುವಾಗ

ಮೊದಲು ಜೀವ. ಕಟ್ಟುತ್ತಿರುವ ಮಹಡಿಯಲ್ಲಿ ಬಾಲ್ಕನಿಗೆ ಕಂಬಿ ಇರುವುದಿಲ್ಲ, ಲಿಫ್ಟಿನ ಗುಂಡಿ ಬಾಯಿ ತೆರೆದಿರಬಹುದು, ನೆಲದಲ್ಲಿ ಪೈಪಿಗೆ ಬಿಟ್ಟ ತೂತು ಇರುತ್ತದೆ. ಫೋನಿನ ಪರದೆ ನೋಡುತ್ತಾ ಹಿಂದಕ್ಕೆ ನಡೆಯುವ ಶಾಟ್ ಇಲ್ಲಿ ಬೇಡವೇ ಬೇಡ. ಸ್ಕ್ರಿಪ್ಟಿನಲ್ಲೇ ಅಂಥ ಶಾಟ್ ಬರೆಯಬೇಡಿ. ಹೆಲ್ಮೆಟ್, ಗಟ್ಟಿ ಅಡಿಯ ಶೂ ಹಾಕಿ. ಸೈಟ್ ಇಂಜಿನಿಯರಿಗೆ ಮೊದಲೇ ಹೇಳಿ, ಅವರ ಕಡೆಯವರೊಬ್ಬರು ನಿಮ್ಮ ಜೊತೆಗಿರಲಿ. ಕೆಲಸ ಮಾಡುತ್ತಿರುವವರ ಮುಖ ಬರುವುದಾದರೆ ಅವರನ್ನು ಕೇಳಿ.

ಎಲ್ಲ ಶಾಟನ್ನೂ ಫೋನನ್ನು ಅಡ್ಡ ಮಲಗಿಸದೆ ಉದ್ದಕ್ಕೆ ನಿಲ್ಲಿಸಿಯೇ ಹಿಡಿಯಿರಿ. ಫೋನಿನಲ್ಲಿ 0.5x ಅಂತ ಒಂದು ಲೆನ್ಸ್ ಇರುತ್ತದೆ. ಅದರಲ್ಲಿ ಹಿಡಿದರೆ ರೂಮು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಎದುರಿನ ಗೋಡೆ ದೂರ ಹೋಗುತ್ತದೆ, ಅಂಚಿನ ಗೆರೆಗಳು ಬಾಗುತ್ತವೆ. ನಮ್ಮ ಸೀಮೆಸುಣ್ಣದ ಲೆಕ್ಕವೆಲ್ಲ ಅಲ್ಲಿ ಹಾಳು. 1xನಲ್ಲೇ, ಮೂಲೆಗೆ ಬೆನ್ನು ಕೊಟ್ಟು, ಎದೆಯ ಮಟ್ಟದಲ್ಲಿ ಹಿಡಿಯಿರಿ. ಬಾತ್‌ರೂಮಿನಂಥ ಚಿಕ್ಕ ಜಾಗದಲ್ಲಿ 1x ಸಾಲದಿದ್ದರೆ 0.5x ಬಳಸಿ, ಆದರೆ ಫ್ರೇಮಿನ ನಡುವೆ ಒಬ್ಬರು ನಿಂತಿರಲಿ. ಮನುಷ್ಯರ ಎತ್ತರ ಎಲ್ಲರಿಗೂ ಗೊತ್ತು, ಅದರಿಂದ ಜಾಗದ ಅಂದಾಜು ಸಿಗುತ್ತದೆ.

ಬೆಳಕು ಇನ್ನೊಂದು ತೊಂದರೆ. ಒಳಗೆ ಬೂದು ಕತ್ತಲು, ಕಿಟಕಿಯಲ್ಲಿ ಕಣ್ಣು ಕೋರೈಸುವ ಬಿಸಿಲು. ಫೋನು ಒಂದೋ ಕಿಟಕಿಯನ್ನು ಬೆಳ್ಳಗೆ ಮಾಡುತ್ತದೆ, ಇಲ್ಲಾ ರೂಮನ್ನು ಕಪ್ಪಾಗಿಸುತ್ತದೆ. ನಡೆಯುತ್ತಾ ಹಿಡಿದರೆ ನಡುನಡುವೆ ಬೆಳಕು ಏರಿಳಿಯುತ್ತದೆ. ನೆಲದ ಗೆರೆಯ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿಕೊಳ್ಳಿ. ಕಿಟಕಿಯ ಶಾಟನ್ನು ಬೇರೆಯಾಗಿ ಹಿಡಿಯಿರಿ. ಸಾಧ್ಯವಾದರೆ ಆ ರೂಮಿನ ಕಿಟಕಿಗೆ ನೇರ ಬಿಸಿಲು ಬೀಳದ ಹೊತ್ತು ಆರಿಸಿಕೊಳ್ಳಿ.

ಧ್ವನಿಯನ್ನು ಅಲ್ಲೇ ಹಿಡಿಯಲು ಹೋಗಬೇಡಿ. ಬರೀ ಕಾಂಕ್ರೀಟ್ ಗೋಡೆಯ ರೂಮಿನಲ್ಲಿ ಮಾತು ಗುಂಯ್ ಅನ್ನುತ್ತದೆ, ಅದರ ಮೇಲೆ ಕಟಿಂಗ್ ಮೆಷಿನ್ನಿನ ಸದ್ದು ಬೇರೆ. ಚಿತ್ರ ಮಾತ್ರ ಅಲ್ಲಿ ಹಿಡಿದು, ಮಾತನ್ನು ಆಮೇಲೆ ಕಿಟಕಿ ಮುಚ್ಚಿದ ಕಾರಿನಲ್ಲಿ ಕೂತು ರೆಕಾರ್ಡ್ ಮಾಡಿ. ಕಾರಿನ ಸೀಟು ಸದ್ದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಇನ್ನು ಸದ್ದಿಲ್ಲದೆ ವಿಡಿಯೊ ನೋಡುವವರೂ ಬಹಳ ಜನ. ಪ್ರತಿ ಸಾಲೂ ಪರದೆಯ ಮೇಲೆ ಅಕ್ಷರವಾಗಿ ಬರಲಿ. ಆದರೆ ಕೆಳಗಿನ ಭಾಗ ಮತ್ತು ಬಲ ಅಂಚಿನಲ್ಲಿ ಆ್ಯಪಿನ ಬಟನ್ನುಗಳು ಕೂರುತ್ತವೆ. ಅಳತೆಯನ್ನು ಅಲ್ಲಿ ಬರೆದರೆ ಯಾರಿಗೂ ಕಾಣಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ, ವ್ಯಾಪಾರದ ವಿಡಿಯೊಗೆ ಅದರ ಹಕ್ಕು ನಿಮಗಿರುವುದಿಲ್ಲ.

ಖಾಲಿ ಸೈಟಾದರೆ

ಸೈಟಿನ ಬಗ್ಗೆ ಕೇಳಿದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಲ್ಲಿ ಗೋಡೆಯೂ ಇಲ್ಲ, ನೆಲ ಮಾತ್ರ. ಹಾಗಾಗಿ ನಾಲ್ಕು ಮೂಲೆಯೇ ನಿಮ್ಮ ಕಥೆ. ಮೂಲೆಕಲ್ಲಿನಿಂದ ಶುರು ಮಾಡಿ, ಕಲ್ಲಿನಿಂದ ಕಲ್ಲಿಗೆ ಬಣ್ಣದ ಹಗ್ಗ ಕಟ್ಟಿ, ಅದರ ಉದ್ದಕ್ಕೂ ಒಬ್ಬರು ನಡೆಯಲಿ. ಹಗ್ಗ ಇಲ್ಲದಿದ್ದರೆ ಪಕ್ಕದ ಸೈಟಿನ ಹುಲ್ಲೂ ನಿಮ್ಮದೇ ಅಂತ ಕಾಣುತ್ತದೆ. ಎರಡು ಕರ್ಣಗಳನ್ನೂ ಅಳೆಯಿರಿ. ಎದುರುಬದುರು ಬದಿಗಳು ಸಮ ಇದ್ದು ಕರ್ಣಗಳೂ ಸಮ ಇದ್ದರೆ ಮೂಲೆಗಳು ನೇರ ಇವೆ. ಉದಾಹರಣೆಗೆ 30ಕ್ಕೆ 40 ಅಡಿಯ ಸೈಟಿನ ಕರ್ಣ ಸರಿಯಾಗಿ 50 ಅಡಿ ಬರಬೇಕು. ಒಂದು 48, ಇನ್ನೊಂದು 52ರ ಹತ್ತಿರ ಬಂದರೆ ಸೈಟು ಓರೆಯಾಗಿದೆ ಅಂತ ಅರ್ಥ. ಟೇಪು ಕರ್ಣದ ಮೇಲೆ ಚಾಚಿ 50 ಅಂತ ತೋರಿಸುವ ಮೂರು ಸೆಕೆಂಡಿನ ಶಾಟ್ ಹತ್ತು ಸಾಲಿನ ಮಾತಿಗಿಂತ ಗಟ್ಟಿ. ಮುಂದಿನ ರಸ್ತೆಯ ಅಗಲವನ್ನೂ ಟೇಪು ಹಿಡಿದೇ ತೋರಿಸಿ. ನಕ್ಷೆಯಲ್ಲಿ ಜಾಸ್ತಿ ಇದ್ದು ಇವತ್ತು ಕಡಿಮೆ ಇದ್ದರೆ ಎರಡನ್ನೂ ಹೇಳಿ. ಇಳಿಜಾರು ಫೋನಿನಲ್ಲಿ ಮಟ್ಟಸವಾಗಿ ಕಂಡುಬಿಡುತ್ತದೆ. ಆದ್ದರಿಂದ ಎತ್ತರದ ಮೂಲೆಯಿಂದ ತಗ್ಗಿನ ಮೂಲೆಗೆ ಹಗ್ಗವನ್ನು ಮಟ್ಟವಾಗಿ ಹಿಡಿದು, ತಗ್ಗಿನಲ್ಲಿ ಹಗ್ಗಕ್ಕೂ ನೆಲಕ್ಕೂ ಎಷ್ಟು ಅಂತರ ಅಂತ ತೋರಿಸಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಅದೂ ಫ್ರೇಮಿನಲ್ಲಿ ಬರಲಿ.

ಹಾಕಿದ ಮೇಲೆ

ಕೊನೆಯದಾಗಿ ಕೇಳಿದ ಪ್ರಶ್ನೆ ಒಳ್ಳೆಯದಿತ್ತು: "ಕಟ್ಟಡ ದಿನಾ ಬದಲಾಗುತ್ತೆ, ವಿಡಿಯೊ ಹಳೇದಾಗಲ್ವಾ?" ಆಗುತ್ತದೆ. ಅದಕ್ಕೇ ದಿನಾಂಕ ಪರದೆಯ ಮೇಲೆ ಬೇಕು ಅಂದಿದ್ದು. ಬರೀ ವಿಡಿಯೊದ ಕೆಳಗೆ ಬರೆದರೆ, ಯಾರೋ ಡೌನ್‌ಲೋಡ್ ಮಾಡಿ ಇನ್ನೊಬ್ಬರಿಗೆ ಕಳಿಸಿದಾಗ ಅದು ಉದುರಿಹೋಗುತ್ತದೆ. ವಿಡಿಯೊ ಮಾತ್ರ ಊರೆಲ್ಲ ಸುತ್ತುತ್ತಿರುತ್ತದೆ.

ಮೊದಲ ಸಲ ಶೂಟ್ ಮಾಡುವಾಗಲೇ ಎಲ್ಲಿ ನಿಂತು ಹಿಡಿದಿರಿ ಅಂತ ನಕ್ಷೆಯ ಹಾಳೆಯ ಮೇಲೆ ಚುಕ್ಕೆ ಇಡಿ, ಫೋನು ಯಾವ ಕಡೆ ನೋಡುತ್ತಿತ್ತು ಅಂತ ಬಾಣ ಹಾಕಿ. ಪ್ಲಾಸ್ಟರ್ ಆದ ಮೇಲೆ, ಟೈಲ್ಸ್ ಬಂದ ಮೇಲೆ, ಬಾಗಿಲು ಕಿಟಕಿ ಕೂತ ಮೇಲೆ ಅದೇ ಚುಕ್ಕೆಗಳಲ್ಲಿ ನಿಂತು ಮತ್ತೆ ಹಿಡಿಯಿರಿ. ಆಗ ಸ್ಕ್ರಿಪ್ಟಿನ ಅರ್ಧ ಕೆಲಸ ಮುಗಿದ ಹಾಗೆ, ಏನು ಬದಲಾಯಿತು ಅಂತ ಹೇಳಿದರೆ ಸಾಕು. ಪ್ಲಾಸ್ಟರ್ ಆದ ದಿನ ಟೇಪನ್ನು ಇನ್ನೊಂದು ಸಲ ಹಿಡಿಯುವುದು ಮಾತ್ರ ತಪ್ಪಿಸಬೇಡಿ. ನೀವು 9 ಅಡಿ 11 ಇಂಚು ಅಂದ ಕಡೆ 9 ಅಡಿ 10 ಇಂಚು ಬಂದಿದ್ದರೆ ಹೊಸ ವಿಡಿಯೊದಲ್ಲಿ ಹೊಸ ಅಳತೆ ಹಾಕಿ, ಹಳೆಯದನ್ನು ತೆಗೆದುಬಿಡಿ.